ಪಾಸ್‌ವರ್ಡ್ ಹೇಳದೆ, ಟೈಪ್ ಮಾಡದೆ: ಒಂದು ಆಂಡ್ರಾಯ್ಡ್ ಫೋನಿನ ವೈಫೈ ಇನ್ನೊಂದಕ್ಕೆ ದಾಟಿಸುವ ಬಗೆ

ಕಳೆದ ಆಟಿಯಲ್ಲಿ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯಲ್ಲಿ ಹತ್ತು ದಿನ ಉಳಿದಿದ್ದರು. ನಮ್ಮದು ಹಳೆಯ ಹಂಚಿನ ಮನೆ, ಗೋಡೆ ದಪ್ಪ. ಮೊಬೈಲ್ ಸಿಗ್ನಲ್ ಬೇಕಾದರೆ ಜಗಲಿಗೆ ಬರಬೇಕು. ಮಳೆಗಾಲದಲ್ಲಿ ಜಗಲಿಗೆ ಎರಚಲು ಹೊಡೆಯುತ್ತದೆ, ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದಾರೆ. ಅವರ ಮಗ ದುಬೈಯಿಂದ ದಿನಾ ರಾತ್ರಿ ಒಂಬತ್ತಕ್ಕೆ ವೀಡಿಯೊ ಕರೆ ಮಾಡುತ್ತಾನೆ. ಹಾಗಾಗಿ ಬಂದ ದಿನವೇ ಅವರ ಫೋನಿಗೆ ಮನೆಯ ವೈಫೈ ಹಾಕಿಕೊಡಬೇಕಾಯಿತು.

ಆಗ ನಮ್ಮ ಪಾಸ್‌ವರ್ಡ್ `Aati;Pathrode72` ಎಂದಿತ್ತು. ಈಗ ಬದಲಾಗಿದೆ, ಹಾಗಾಗಿ ಇಲ್ಲಿ ಬರೆದರೆ ತೊಂದರೆಯಿಲ್ಲ. ನಾನು ಅಡುಗೆಮನೆಯಿಂದಲೇ ಒಂದೊಂದೇ ಅಕ್ಷರ ಹೇಳಿದೆ, ಅವರು ಒತ್ತಿದರು. ದೊಡ್ಡ ಎ, ಸಣ್ಣ ಎ, ಟಿ, ಐ. ಅಲ್ಲಿಂದ ಮುಂದೆ ಅರ್ಧವಿರಾಮದ ಚಿಹ್ನೆ. ಅದು ಕೀಬೋರ್ಡಿನ ಇನ್ನೊಂದು ಪುಟದಲ್ಲಿರುತ್ತದೆ. ಮೂರು ಸಲ ತಪ್ಪಾಯಿತು. "ಎಂತದು ಮಗಾ ಇದು, ಒಂದು ಕಣ್ಣಿಗೆ ಎಲ್ಲ ಇರುವೆ ಸಾಲಿನ ಹಾಗೆ ಕಾಣ್ತದೆ" ಎಂದು ಫೋನ್ ಕೆಳಗಿಟ್ಟರು.

ಟೈಪ್ ಮಾಡುವ ಅಗತ್ಯವೇ ಇರಲಿಲ್ಲ. ನನ್ನ ಫೋನಿನಲ್ಲಿ ಆ ಪಾಸ್‌ವರ್ಡ್ ಮೊದಲೇ ಉಳಿದುಕೊಂಡಿತ್ತು. ಅದನ್ನು ಪಕ್ಕದ ಫೋನಿಗೆ ನೇರ ದಾಟಿಸುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲೇ ಉಂಟು. ಆವತ್ತು ಆ ದಾರಿಯಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡೆವು. ಹೆಚ್ಚಿನವರು ಕೈಬಿಡುವುದೂ ಆ ಎರಡು ಜಾಗಗಳಲ್ಲೇ ಎಂದು ಆಮೇಲೆ ಹಲವು ಮನೆಗಳಲ್ಲಿ ನೋಡಿ ತಿಳಿಯಿತು. ಅದಕ್ಕೇ ಇಲ್ಲಿ ಆ ಎರಡನ್ನು ಬಿಡಿಸಿ ಹೇಳುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

## ಯಾವ ಫೋನಿನಲ್ಲಿ ಉಂಟು, ಯಾವ ಹೆಸರಿನಲ್ಲಿ

ಉಳಿಸಿಟ್ಟ ವೈಫೈಯನ್ನು ಕ್ಯೂಆರ್ ಕೋಡ್ ಆಗಿ ತೋರಿಸುವ ಸೌಲಭ್ಯ 2019ರ ಆಂಡ್ರಾಯ್ಡ್ 10ರಲ್ಲಿ ಬಂತು. ಆ ಕ್ಯೂಆರ್ ಕೆಳಗೆ, ಹತ್ತಿರದ ಫೋನಿಗೆ ನೇರವಾಗಿ ಕಳಿಸುವ ಗುಂಡಿ ಸೇರಿದ್ದು 2021ರ ಆಂಡ್ರಾಯ್ಡ್ 12ರಲ್ಲಿ. ಕಳಿಸುವ ಫೋನ್ ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಮಾತ್ರ ಈ ಗುಂಡಿ ಹುಡುಕಿ. ನಿಮ್ಮದು ಎಷ್ಟನೆಯದು ಎಂದು ತಿಳಿಯಲು ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ `About phone` ತೆರೆದರೆ ಸಾಕು.

ಹೆಸರಿನ ಗೊಂದಲವನ್ನೂ ಈಗಲೇ ಬಿಡಿಸಿಕೊಳ್ಳಿ. 2020ರಲ್ಲಿ ಬಂದಾಗ ಇದರ ಹೆಸರು ನಿಯರ್‌ಬೈ ಶೇರ್. ಸ್ಯಾಮ್‌ಸಂಗ್ ಫೋನುಗಳಲ್ಲಿ ಕ್ವಿಕ್ ಶೇರ್ ಎಂಬ ಬೇರೆಯದೇ ವ್ಯವಸ್ಥೆ ಇತ್ತು. 2024ರ ಜನವರಿಯಲ್ಲಿ ಗೂಗಲ್ ಮತ್ತು ಸ್ಯಾಮ್‌ಸಂಗ್‌ನವರು ಎರಡನ್ನೂ ಒಂದು ಮಾಡುತ್ತೇವೆಂದು ಘೋಷಿಸಿ, ಕ್ವಿಕ್ ಶೇರ್ ಎಂಬ ಹೆಸರನ್ನೇ ಉಳಿಸಿಕೊಂಡರು. ಆದ್ದರಿಂದ ಒಂದು ಫೋನಿನಲ್ಲಿ `Nearby` ಎಂದೂ ಇನ್ನೊಂದರಲ್ಲಿ `Quick Share` ಎಂದೂ ಕಂಡರೆ ಗಾಬರಿ ಬೇಡ, ಎರಡೂ ಒಂದೇ.

ನಿಮ್ಮ ಫೋನ್ ಕನ್ನಡದಲ್ಲಿದ್ದರೆ ಕೆಳಗೆ ನಾನು ಬರೆಯುವ ಇಂಗ್ಲಿಷ್ ಹೆಸರುಗಳ ಜಾಗದಲ್ಲಿ ಕನ್ನಡದ ಹೆಸರುಗಳಿರುತ್ತವೆ. ಹಲ್ಲುಚಕ್ರದ ಚಿತ್ರ ಮತ್ತು ಕ್ಯೂಆರ್ ಚಿತ್ರ ಮಾತ್ರ ಎಲ್ಲ ಕಡೆ ಒಂದೇ.

## ಮೊದಲು ಪಡೆಯುವ ಫೋನನ್ನು ತಯಾರು ಮಾಡಿ

ಎಲ್ಲರೂ ಕಳಿಸುವ ಫೋನಿನಿಂದ ಶುರುಮಾಡುತ್ತಾರೆ, ನಾನೂ ಹಾಗೇ ಮಾಡಿದ್ದೆ. ಆಮೇಲೆ "ಹುಡುಕುತ್ತಿದೆ" ಎಂದು ತಿರುಗುವ ಚಕ್ರವನ್ನು ನೋಡಿಕೊಂಡು ಕೂರಬೇಕಾಗುತ್ತದೆ. ಪಡೆಯುವ ಫೋನ್ ಮೊದಲೇ ಸಿದ್ಧವಿದ್ದರೆ ಕೆಲಸ ಅರ್ಧ ನಿಮಿಷದ್ದು.

ಪಡೆಯುವ ಫೋನಿನ ಮೇಲಿನಿಂದ ಬೆರಳು ಕೆಳಗೆಳೆಯಿರಿ. ಬ್ಲೂಟೂತ್ ಹಾಕಿ, ಲೊಕೇಶನ್ ಹಾಕಿ, ವೈಫೈಯ ಸ್ವಿಚ್ಚನ್ನೂ ಹಾಕಿ. ಯಾವ ಜಾಲಕ್ಕೂ ಸೇರಿರಬೇಕೆಂದಿಲ್ಲ, ಸ್ವಿಚ್ ಹಾಕಿದ್ದರೆ ಸಾಕು. ಏರೋಪ್ಲೇನ್ ಮೋಡ್ ಇದ್ದರೆ ತೆಗೆಯಿರಿ. ಲೊಕೇಶನ್ ಯಾಕೆ ಎಂದು ಹಲವರು ಅನುಮಾನ ಪಡುತ್ತಾರೆ. ಅಕ್ಕಪಕ್ಕದ ಬ್ಲೂಟೂತ್ ಮತ್ತು ವೈಫೈ ಸಾಧನಗಳ ಪಟ್ಟಿ ಸಿಕ್ಕಿದರೆ ನೀವಿರುವ ಜಾಗವನ್ನು ಅಂದಾಜು ಮಾಡಬಹುದು. ಹಾಗಾಗಿ ಅಂಥ ಹುಡುಕಾಟವನ್ನು ಆಂಡ್ರಾಯ್ಡ್ ಹಿಂದಿನಿಂದಲೂ ಲೊಕೇಶನ್ ಜೊತೆಗೆ ಕಟ್ಟಿಹಾಕಿದೆ. ಕೆಲಸ ಮುಗಿದ ಮೇಲೆ ತೆಗೆದುಬಿಡಬಹುದು.

ಇಂಟರ್ನೆಟ್ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ "ನೆಟ್ಟೇ ಇಲ್ಲದ ಫೋನಿಗೆ ಎಂತ ಕಳಿಸುವುದು" ಎಂದು ಸುಮ್ಮನಾಗುವವರನ್ನು ನೋಡಿದ್ದೇನೆ. ಎರಡು ಫೋನುಗಳು ಬ್ಲೂಟೂತ್ ಮೂಲಕ ಒಂದನ್ನೊಂದು ಕಂಡುಹಿಡಿದು, ತಮ್ಮತಮ್ಮಲ್ಲೇ ಗೂಢಲಿಪಿಯಲ್ಲಿ ವಿಷಯ ದಾಟಿಸಿಕೊಳ್ಳುತ್ತವೆ. ದೊಡ್ಡಮ್ಮನ ಫೋನಿನಲ್ಲಿ ಮನೆಯೊಳಗೆ ಒಂದು ಗೆರೆ ಸಿಗ್ನಲ್ ಕೂಡ ಇರಲಿಲ್ಲ. ಆದರೂ ಕಳಿಸಲಿಕ್ಕೆ ಅದು ಅಡ್ಡಿಯಾಗಲಿಲ್ಲ.

ಈಗ ನಾವು ಸಿಕ್ಕಿಹಾಕಿಕೊಂಡ ಮೊದಲ ಜಾಗ. ಯಾರ ಕಣ್ಣಿಗೆ ಈ ಫೋನ್ ಕಾಣಬೇಕು ಎಂಬ ಆಯ್ಕೆ ಪಡೆಯುವ ಫೋನಿನಲ್ಲಿ ಇರುತ್ತದೆ. ಮೇಲಿನ ಪರದೆಯಲ್ಲಿರುವ ಕ್ವಿಕ್ ಶೇರ್ ಗುಂಡಿಯನ್ನು ಒತ್ತಿ ಹಿಡಿದರೆ ಅದು ತೆರೆಯುತ್ತದೆ. ಗುಂಡಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ `Quick Share` ಅಥವಾ `Nearby Share` ಎಂದು ಬರೆಯಿರಿ. ಒಳಗೆ ಮೂರು ಆಯ್ಕೆಗಳು:

`Your devices` ಎಂದರೆ ನಿಮ್ಮದೇ ಗೂಗಲ್ ಖಾತೆ ಹಾಕಿರುವ ಫೋನುಗಳಿಗೆ ಮಾತ್ರ ಕಾಣುತ್ತದೆ.

`Contacts` ಎಂದರೆ ನಿಮ್ಮ ಪಟ್ಟಿಯಲ್ಲಿರುವವರಿಗೆ. ಕೇಳಲು ಸುಲಭ, ನಡೆಯುವುದು ಕಷ್ಟ. ಇದು ಗೂಗಲ್ ಖಾತೆಯನ್ನು ನೋಡಿ ಗುರುತು ಹಿಡಿಯುತ್ತದೆ. ದೊಡ್ಡಮ್ಮನ ಫೋನಿನಲ್ಲಿ ನನ್ನ ನಂಬರ್ ಉಂಟು, ನನ್ನ ಜಿಮೇಲ್ ಇಲ್ಲ. ನಮ್ಮ ಮನೆಗಳಲ್ಲಿ ಯಾರ ಫೋನಿನಲ್ಲಿ ಯಾರ ಜಿಮೇಲ್ ಇರುತ್ತದೆ?

`Everyone` ಎಂದರೆ ಹತ್ತಿರವಿರುವ ಎಲ್ಲರಿಗೂ. ಇದರೊಂದಿಗೆ ಹತ್ತು ನಿಮಿಷದ ಮಿತಿ ಇರುತ್ತದೆ, ಆಮೇಲೆ ಫೋನ್ ತಾನಾಗಿ ಹಳೆಯ ಆಯ್ಕೆಗೆ ಮರಳುತ್ತದೆ. ನೆಂಟರ ಫೋನಿಗೆ ಕಳಿಸುವಾಗ ಇದೇ ಸರಿ. ಹತ್ತು ನಿಮಿಷದ ಮಿತಿಯನ್ನು ತೆಗೆಯಬೇಡಿ.

ಅವರ ಫೋನಿನಲ್ಲಿ ಮೊದಲನೆಯ ಆಯ್ಕೆ ಇತ್ತು. ನಾನು ನನ್ನ ಫೋನನ್ನು ಎರಡು ಸಲ ಮುಚ್ಚಿ ತೆರೆದೆ, ಬ್ಲೂಟೂತ್ ತೆಗೆದು ಹಾಕಿದೆ. ಅಷ್ಟೂ ವ್ಯರ್ಥ. ಕಳಿಸುವ ಫೋನಿನಲ್ಲಿ ಹೆಸರು ಕಾಣದಿದ್ದರೆ ತಪ್ಪನ್ನು ಮೊದಲು ಪಡೆಯುವ ಫೋನಿನಲ್ಲಿ ಹುಡುಕಿ. ಹತ್ತರಲ್ಲಿ ಎಂಟು ಸಲ ಅಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ.

ಅದೇ ಪುಟದಲ್ಲಿ ಫೋನಿನ ಹೆಸರೂ ಇರುತ್ತದೆ. ಅದನ್ನು ಒಮ್ಮೆ ಓದಿಕೊಳ್ಳಿ. ಹಬ್ಬಕ್ಕೆ ಮನೆ ತುಂಬಿದಾಗ ಒಂದೇ ಮಾದರಿಯ ನಾಲ್ಕು ಫೋನುಗಳಿದ್ದರೆ ಪಟ್ಟಿಯಲ್ಲಿ ಒಂದೇ ಹೆಸರು ನಾಲ್ಕು ಸಲ ಕಂಡು ಯಾರದು ಯಾವುದೆಂದು ತಿಳಿಯುವುದಿಲ್ಲ. ನಾನು ದೊಡ್ಡಮ್ಮನ ಫೋನಿಗೆ `Doddamma` ಎಂದೇ ಹೆಸರಿಟ್ಟೆ.

## ಕಳಿಸುವ ಫೋನಿನಲ್ಲಿ

ಇಲ್ಲಿಯೂ ಬ್ಲೂಟೂತ್, ಲೊಕೇಶನ್ ಹಾಕಿ. ಆಮೇಲೆ ಸೆಟ್ಟಿಂಗ್ಸ್ ತೆರೆದು `Network & internet`, ಅದರೊಳಗೆ `Internet`. ಈಗ ಸೇರಿರುವ ವೈಫೈ ಮೇಲ್ಗಡೆ ಇರುತ್ತದೆ. ಅದರ ಬಲಬದಿಯ ಹಲ್ಲುಚಕ್ರ ಒತ್ತಿದರೆ ಆ ಜಾಲದ ವಿವರ ಬರುತ್ತದೆ. ಅಲ್ಲಿ `Forget`, `Disconnect` ಜೊತೆಗೆ `Share` ಎಂಬ ಗುಂಡಿಯೂ ಇರುತ್ತದೆ, ಅದರ ಮೇಲೆ ಪುಟ್ಟ ಕ್ಯೂಆರ್ ಚಿತ್ರ. ಅವಸರದಲ್ಲಿ `Forget` ಒತ್ತಿದರೆ ನಿಮ್ಮ ಫೋನೇ ಪಾಸ್‌ವರ್ಡ್ ಮರೆತುಬಿಡುತ್ತದೆ, ಬೆರಳನ್ನು ನಿಧಾನವಾಗಿ ಇಡಿ.

ಸ್ಯಾಮ್‌ಸಂಗ್‌ನಲ್ಲಿ ದಾರಿ ಸ್ವಲ್ಪ ಬೇರೆ. `Connections`, ಆಮೇಲೆ `Wi-Fi`, ಆಮೇಲೆ ಅದೇ ಹಲ್ಲುಚಕ್ರ. ಶಓಮಿ, ರೆಡ್ಮಿ ಫೋನುಗಳಲ್ಲಿ ಸೇರಿರುವ ಜಾಲದ ಹೆಸರನ್ನೇ ಒತ್ತಿದರೆ ಕ್ಯೂಆರ್ ಬರುವುದುಂಟು. ಎಲ್ಲ ಕಂಪನಿಯವರೂ ಕ್ಯೂಆರ್ ಕೆಳಗೆ ನೇರ ಕಳಿಸುವ ಗುಂಡಿಯನ್ನು ಕೊಟ್ಟಿರುವುದಿಲ್ಲ. ಇಲ್ಲದಿದ್ದರೆ ಕೆಳಗೆ ಹೇಳಿರುವ ಕ್ಯೂಆರ್ ದಾರಿ ಹಿಡಿಯಿರಿ.

`Share` ಒತ್ತಿದ ಕೂಡಲೇ ಫೋನ್ ನಿಮ್ಮ ಬೆರಳಚ್ಚು ಅಥವಾ ಪಿನ್ ಕೇಳುತ್ತದೆ. ಒಮ್ಮೆ ಬೀಗ ತೆಗೆದ ಫೋನು ಮತ್ತೆ ಯಾಕೆ ಕೇಳುತ್ತದೆ ಎಂದು ಬೇಸರಪಡಬೇಡಿ. ಮುಂದಿನ ಪರದೆಯಲ್ಲಿ ಕ್ಯೂಆರ್ ಇರುತ್ತದೆ, ಅದರ ಕೆಳಗೆ ಪಾಸ್‌ವರ್ಡ್ ಬರಿಗಣ್ಣಿಗೆ ಓದುವ ಹಾಗೆ ಅಚ್ಚಾಗಿರುತ್ತದೆ. ಫೋಟೊ ನೋಡಲೆಂದು ನಿಮ್ಮ ಫೋನ್ ಕೈಗೆ ತೆಗೆದುಕೊಂಡವರು ಅದನ್ನು ನೋಡಿಬಿಡಬಾರದೆಂದು ಈ ಕಾವಲು. ಫೋನಿಗೆ ಪರದೆಯ ಬೀಗವನ್ನೇ ಹಾಕದವರ ಫೋನಿನಲ್ಲಿ ಈ ಕಾವಲು ಇರುವುದಿಲ್ಲ, `Share` ಒತ್ತಿದರೆ ನೇರ ಪಾಸ್‌ವರ್ಡ್. ನಮ್ಮಲ್ಲಿ ಹಿರಿಯರ ಫೋನುಗಳಿಗೆ ಬೀಗ ಹಾಕದೆ ಬಿಡುವುದು ರೂಢಿ. ದೊಡ್ಡಮ್ಮನ ಫೋನಿಗೂ ಇರಲಿಲ್ಲ. ಅಂಥ ಫೋನಿಗೆ ವೈಫೈ ಕೊಡುವ ಮೊದಲು ಕನಿಷ್ಠ ನಾಲ್ಕಂಕಿಯ ಪಿನ್ ಹಾಕಿಸಿ. ನಾನು ಅವರಿಗೆ ನೆನಪಿರುವ ಸಂಖ್ಯೆಯನ್ನೇ ಹಾಕಿಕೊಟ್ಟೆ.

ಕ್ಯೂಆರ್ ಕೆಳಗಿನ `Nearby` ಅಥವಾ `Quick Share` ಗುಂಡಿ ಒತ್ತಿ. ಹತ್ತಿರದ ಫೋನುಗಳ ಪಟ್ಟಿ ಬರುತ್ತದೆ. ಎರಡು ಫೋನುಗಳನ್ನು ಒಂದು ಅಡಿಯೊಳಗೆ, ಎರಡರ ಪರದೆಯನ್ನೂ ಬೆಳಗಿಸಿ, ಬೀಗ ತೆಗೆದು ಇಟ್ಟುಕೊಳ್ಳಿ. ಒಬ್ಬರು ಚಾವಡಿಯಲ್ಲಿ ಇನ್ನೊಬ್ಬರು ಅಡುಗೆಮನೆಯಲ್ಲಿ ನಿಂತು ಮಾಡುವ ಕೆಲಸವಲ್ಲ ಇದು. ನಾನು ದೊಡ್ಡಮ್ಮನ ಪಕ್ಕದಲ್ಲಿ ಮಂಚದ ಮೇಲೆ ಕೂತು ಎರಡೂ ಫೋನುಗಳನ್ನು ಚಾದರದ ಮೇಲೆ ಅಕ್ಕಪಕ್ಕ ಇಟ್ಟೆ.

ಹೆಸರು ಕಂಡಾಗ ಒತ್ತಿ. ಪಡೆಯುವ ಫೋನಿನಲ್ಲಿ ಕೆಳಗಿನಿಂದ ಒಂದು ಚೀಟಿ ಏಳುತ್ತದೆ, ಯಾರು ಕಳಿಸುತ್ತಿದ್ದಾರೆಂದು ತೋರಿಸಿ ಒಪ್ಪಿಗೆ ಕೇಳುತ್ತದೆ. ಎರಡೂ ಪರದೆಗಳಲ್ಲಿ ಒಂದು ಸಣ್ಣ ಸಂಖ್ಯೆ ಬಂದರೆ ಎರಡೂ ಒಂದೇ ಇದೆಯೇ ನೋಡಿ. ಬಸ್‌ಸ್ಟ್ಯಾಂಡಿನಂಥ ಜಾಗದಲ್ಲಿ ಇದು ಬೇಕು, ಅದೇ ಹೆಸರಿನ ಬೇರೆಯವರ ಫೋನಿಗೆ ಕಳಿಸಿಬಿಡದ ಹಾಗೆ. `Accept` ಒತ್ತಿದರೆ ಜಾಲದ ಹೆಸರು ಮತ್ತು ಪಾಸ್‌ವರ್ಡ್ ಒಟ್ಟಿಗೆ ದಾಟುತ್ತವೆ. ಕೆಲವು ಫೋನುಗಳು ಕೂಡಲೇ ಸೇರಿಕೊಳ್ಳುತ್ತವೆ, ಕೆಲವು "ಸೇರಬೇಕೇ" ಎಂದು ಇನ್ನೊಮ್ಮೆ ಕೇಳುತ್ತವೆ. ಮೇಲ್ಗಡೆ ವೈಫೈ ಬೀಸಣಿಗೆಯ ಚಿತ್ರ ಬಂದರೆ ಮುಗಿಯಿತು.

ದೊಡ್ಡಮ್ಮನ ಫೋನಿನಲ್ಲಿ ಚೀಟಿ ಬಂತು, ಒಪ್ಪಿಕೊಂಡರು. ಬೀಸಣಿಗೆ ಮಾತ್ರ ಬರಲಿಲ್ಲ.

## ಪಾಸ್‌ವರ್ಡ್ ದಾಟಿತು, ವೈಫೈ ಸಿಗಲಿಲ್ಲ

ಇದು ಎರಡನೆಯ ಜಾಗ. ಕಳಿಸಿದ್ದು ಸರಿಯಾಗಿದ್ದರೂ ಸಂಪರ್ಕ ಆಗದಿದ್ದಾಗ ಹೆಚ್ಚಿನವರು ಮತ್ತೆ ಮತ್ತೆ ಕಳಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ. ದಾಟಿಸುವ ಕೆಲಸ ಅಲ್ಲಿಗೆ ಮುಗಿದಿದೆ, ಇನ್ನಿರುವುದು ಆ ಫೋನು ಮತ್ತು ರೂಟರ್ ನಡುವಿನ ಮಾತು.

ನಮ್ಮ ರೂಟರ್ ಎರಡು ಹೆಸರುಗಳಲ್ಲಿ ವೈಫೈ ಕೊಡುತ್ತದೆ: `Bejai_Mane` ಮತ್ತು `Bejai_Mane_5G`. ಮೊದಲನೆಯದು 2.4 ಗಿಗಾಹರ್ಟ್ಸ್, ಎರಡನೆಯದು 5 ಗಿಗಾಹರ್ಟ್ಸ್. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಹತ್ತಿರ. 5 ಗಿಗಾಹರ್ಟ್ಸ್ ವೇಗವಾಗಿರುತ್ತದೆ, ಆದರೆ ದಪ್ಪ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ ಹಳೆಯ ಮತ್ತು ಕಡಿಮೆ ಬೆಲೆಯ ಹಲವು ಫೋನುಗಳಿಗೆ ಅದು ಕೇಳಿಸುವುದೇ ಇಲ್ಲ, ಅವುಗಳೊಳಗೆ 2.4ರ ರೇಡಿಯೊ ಮಾತ್ರ ಇರುತ್ತದೆ.

ನನ್ನ ಫೋನು ರೂಟರ್ ಪಕ್ಕದಲ್ಲಿ 5ಕ್ಕೆ ಸೇರಿಕೊಂಡಿತ್ತು. ಹಾಗಾಗಿ ನಾನು ಕಳಿಸಿದ್ದೂ ಅದನ್ನೇ. ದೊಡ್ಡಮ್ಮನ ಫೋನಿಗೆ ಆ ಹೆಸರು ಗೊತ್ತಾಯಿತು, ಪಾಸ್‌ವರ್ಡೂ ಸಿಕ್ಕಿತು, ಆದರೆ ಆ ಜಾಲ ಅದರ ಪಾಲಿಗೆ ಎಲ್ಲಿಯೂ ಇಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಪಡೆಯುವ ಫೋನಿನ ವೈಫೈ ಪಟ್ಟಿ ತೆರೆದು ನೋಡಿ. ಅಲ್ಲಿ `Bejai_Mane` ಇತ್ತು, ಪಕ್ಕದ ಮನೆಯವರದೂ ಇತ್ತು, `Bejai_Mane_5G` ಇರಲಿಲ್ಲ. ರೂಟರ್ ಹತ್ತಿರ ನಿಂತರೂ ಒಂದು ಹೆಸರು ಕಾಣುವುದಿಲ್ಲವಾದರೆ ಆ ಫೋನಿಗೆ ಅದು ಬೇಡ, ಇನ್ನೊಂದನ್ನು ಕೊಡಿ.

ಇನ್ನೊಂದನ್ನು ಕೊಡಲು ನಿಮ್ಮ ಫೋನನ್ನು ಅದಕ್ಕೆ ಸೇರಿಸಬೇಕೆಂದೂ ಇಲ್ಲ. `Internet` ಪುಟದಲ್ಲಿ ಕೆಳಗೆ ಹೋದರೆ `Saved networks` ಸಿಗುತ್ತದೆ. ನಿಮ್ಮ ಫೋನ್ ಇದುವರೆಗೆ ನೆನಪಿಟ್ಟುಕೊಂಡಿರುವ ಎಲ್ಲ ವೈಫೈಗಳೂ ಅಲ್ಲಿರುತ್ತವೆ. ಉಡುಪಿಯ ಅತ್ತೆಯ ಮನೆಯದು, ಹಳೆಯ ಆಫೀಸಿನದು, ಎಂದೋ ಒಮ್ಮೆ ಉಳಿದ ಲಾಡ್ಜಿನದು. ಬೇಕಾದ ಹೆಸರು ಒತ್ತಿದರೆ ಅದೇ `Share` ಗುಂಡಿ, ಅದೇ ಬೆರಳಚ್ಚು, ಅದೇ ಕ್ಯೂಆರ್. ನಾನು `Bejai_Mane` ಆರಿಸಿ ಕಳಿಸಿದೆ. ಬೀಸಣಿಗೆ ಬಂತು. ಆಗ ಗಂಟೆ ಒಂಬತ್ತಾಗಲು ಹತ್ತು ನಿಮಿಷ ಉಳಿದಿತ್ತು.

ಉಳಿಸಿಟ್ಟ ಪಟ್ಟಿಯಿಂದ ಕೊಡುವಾಗ ಒಂದು ಎಚ್ಚರ ಬೇಕು. ಅಲ್ಲಿರುವುದು ನಿಮ್ಮ ಫೋನ್ ಕೊನೆಯ ಸಲ ಸೇರಿದಾಗಿನ ಪಾಸ್‌ವರ್ಡ್. ಆಮೇಲೆ ಮನೆಯವರು ಬದಲಾಯಿಸಿದ್ದರೆ ನೀವು ದಾಟಿಸುವುದು ಹಳೆಯದನ್ನೇ. ಆಗ ಪಡೆಯುವ ಫೋನಿನ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಆದರೆ ಸೇರಲು ಹೋಗಿ ಪಾಸ್‌ವರ್ಡ್ ಸರಿಯಿಲ್ಲ ಎನ್ನುತ್ತದೆ. ಹೆಸರೇ ಕಾಣದಿರುವುದು ಒಂದು ರೋಗ, ಹೆಸರು ಕಂಡೂ ಒಳಗೆ ಬಿಡದಿರುವುದು ಇನ್ನೊಂದು ರೋಗ. ಈ ವ್ಯತ್ಯಾಸ ನೋಡಿಕೊಂಡರೆ ಮದ್ದು ತಾನಾಗಿ ಸಿಗುತ್ತದೆ.

ಎರಡನೆಯ ರೋಗಕ್ಕೆ ಇನ್ನೊಂದು ಕಾರಣವೂ ಇರಬಹುದು. ಕೆಲವರು ರೂಟರ್‌ನಲ್ಲಿ, ಪಟ್ಟಿಯಲ್ಲಿರುವ ಸಾಧನಗಳಿಗೆ ಮಾತ್ರ ಪ್ರವೇಶ ಎಂದು ಕಟ್ಟು ಹಾಕಿರುತ್ತಾರೆ. ಪ್ರತಿ ಸಾಧನಕ್ಕೂ ಒಂದು ಮ್ಯಾಕ್ ವಿಳಾಸ ಇರುತ್ತದೆ, ರೂಟರ್ ಅದನ್ನು ನೋಡಿ ಒಳಗೆ ಬಿಡುತ್ತದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳು ಪ್ರತಿ ಜಾಲಕ್ಕೂ ಬೇರೆಯದೇ ಕೃತಕ ವಿಳಾಸ ತೋರಿಸುತ್ತವೆ. ಪಾಸ್‌ವರ್ಡ್ ಸರಿಯಿದ್ದೂ ಹೊಸ ಫೋನ್ ಹೊರಗುಳಿದರೆ ಆ ಜಾಲದ ವಿವರದಲ್ಲಿ `Privacy` ತೆರೆಯಿರಿ, ಅಲ್ಲಿ ಈಗಿರುವ ಆಯ್ಕೆ ಗೊತ್ತಾಗುತ್ತದೆ. ವಿವರದ ಪುಟದ ಕೆಳಗೆ ಕಾಣುವ ವಿಳಾಸವನ್ನು ರೂಟರಿನ ಪಟ್ಟಿಗೆ ಸೇರಿಸಿದರೆ ಬಾಗಿಲು ತೆರೆಯುತ್ತದೆ.

## ನೇರ ದಾರಿ ಇಲ್ಲದಿದ್ದರೆ ಕ್ಯೂಆರ್

ಗುಂಡಿ ಇಲ್ಲದ ಫೋನುಗಳಿಗೆ, ಐಫೋನ್ ಇಟ್ಟುಕೊಂಡ ನೆಂಟರಿಗೆ ಅದೇ ಪುಟದ ಕ್ಯೂಆರ್ ತೋರಿಸಿ. ಐಫೋನಿನವರು ಕ್ಯಾಮೆರಾ ತೆರೆದು ಹಿಡಿದರೆ ಸಾಕು. ಆಂಡ್ರಾಯ್ಡ್‌ನವರು `Internet` ಪುಟದಲ್ಲಿ `Add network` ಪಕ್ಕದ ಚಿತ್ರ ಒತ್ತಿ ಸ್ಕ್ಯಾನ್ ಮಾಡಬಹುದು.

ಆ ಚೌಕದೊಳಗೆ ಏನಿರುತ್ತದೆ ಎಂದು ತಿಳಿದರೆ ಅದನ್ನು ಹೇಗೆ ಕಾಪಾಡಬೇಕೆಂಬುದೂ ತಿಳಿಯುತ್ತದೆ. ನಮ್ಮ ಮನೆಯದು ಹೀಗಿತ್ತು:

```
WIFI:T:WPA;S:Bejai_Mane;P:Aati\;Pathrode72;;
```

`T` ಎಂದರೆ ಭದ್ರತೆಯ ಬಗೆ, `S` ಜಾಲದ ಹೆಸರು, `P` ಪಾಸ್‌ವರ್ಡ್. ಗೂಢಲಿಪಿ ಏನೂ ಇಲ್ಲ, ಎಲ್ಲವೂ ಬಟಾಬಯಲು. ಈ ಚೌಕದ ಸ್ಕ್ರೀನ್‌ಶಾಟನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಪಾಸ್‌ವರ್ಡನ್ನೇ ಬರೆದು ಹಾಕಿದ ಹಾಗೆ. ಅಲ್ಲಿ ಅದು ವರ್ಷಗಟ್ಟಲೆ ಇರುತ್ತದೆ, ಯಾರ ಯಾರ ಫೋನಿನ ಗ್ಯಾಲರಿಗೋ ಇಳಿಯುತ್ತದೆ. ಹತ್ತಿರದ ಫೋನಿಗೆ ನೇರ ದಾಟಿಸುವುದು ನನಗೆ ಇಷ್ಟವಾಗಲು ಇದೇ ದೊಡ್ಡ ಕಾರಣ. ಎಲ್ಲಿಯೂ ಚಿತ್ರ ಉಳಿಯುವುದಿಲ್ಲ, ಯಾವ ಗುಂಪಿನಲ್ಲೂ ಸಂದೇಶ ಉಳಿಯುವುದಿಲ್ಲ.

ಪಾಸ್‌ವರ್ಡಿನ ನಡುವೆ ಅರ್ಧವಿರಾಮದ ಹಿಂದೆ ಒಂದು ಓರೆಗೆರೆ ಇರುವುದನ್ನು ನೋಡಿದಿರಾ? ಈ ಬರಹದಲ್ಲಿ ಅರ್ಧವಿರಾಮ ಎಂದರೆ "ಇಲ್ಲಿಗೆ ಈ ಭಾಗ ಮುಗಿಯಿತು" ಎಂದು ಅರ್ಥ. ಪಾಸ್‌ವರ್ಡಿನೊಳಗೇ ಅದು ಇದ್ದರೆ "ಇದು ಮುಗಿತಾಯವಲ್ಲ" ಎಂದು ತಿಳಿಸಲು ಓರೆಗೆರೆ ಬೇಕು. ಆಂಡ್ರಾಯ್ಡ್ ಅದನ್ನು ತಾನೇ ಹಾಕುತ್ತದೆ. ಗೋಡೆಗೆ ಅಂಟಿಸಲೆಂದು ನೀವೇ ಬರೆದು ಕ್ಯೂಆರ್ ಮಾಡಿದರೆ ಇದನ್ನು ಮರೆಯಬೇಡಿ. ಮರೆತರೆ ಪಡೆಯುವ ಫೋನಿಗೆ `Aati` ಎಂಬಷ್ಟೇ ಸಿಗುತ್ತದೆ.

## `Share` ಗುಂಡಿಯೇ ಇಲ್ಲದ ವೈಫೈಗಳು

ಮಣಿಪಾಲದಲ್ಲಿ ಓದುವ ನಮ್ಮ ಅಕ್ಕನ ಮಗಳು ಒಮ್ಮೆ ಹೀಗೇ ಕೇಳಿದಳು: "ಚಿಕ್ಕಮ್ಮ, ನನ್ನ ಫೋನಲ್ಲಿ ಶೇರ್ ಬರುವುದೇ ಇಲ್ಲ, ಹಾಳಾಗಿದೆಯಾ?" ಹಾಳಾಗಿರಲಿಲ್ಲ. ಪಾಸ್‌ವರ್ಡ್ ಜೊತೆಗೆ ಬಳಕೆದಾರರ ಹೆಸರನ್ನೂ ಕೇಳುವ ಜಾಲಗಳಿರುತ್ತವೆ, ಕಾಲೇಜು, ದೊಡ್ಡ ಆಫೀಸುಗಳಲ್ಲಿ ಸಾಮಾನ್ಯ. ಅಲ್ಲಿ ಪ್ರತಿಯೊಬ್ಬರ ಗುರುತೂ ಬೇರೆ. ಅವಳದನ್ನು ಇನ್ನೊಬ್ಬಳಿಗೆ ಕೊಟ್ಟರೆ ಆ ಇನ್ನೊಬ್ಬಳು ಮಾಡಿದ್ದೆಲ್ಲ ಇವಳ ಹೆಸರಿಗೆ ಬೀಳುತ್ತದೆ. ಅದಕ್ಕೇ ಆಂಡ್ರಾಯ್ಡ್ ಅಂಥ ಜಾಲಕ್ಕೆ ಆ ಗುಂಡಿ ಕೊಡುವುದಿಲ್ಲ.

ರೈಲ್ವೆ ಸ್ಟೇಷನ್‌ನಂಥ ಕಡೆಯ ವೈಫೈ ಬೇರೆ ಬಗೆಯದು. ಅದಕ್ಕೆ ಪಾಸ್‌ವರ್ಡೇ ಇಲ್ಲ, ಸೇರಿದ ಮೇಲೆ ಒಂದು ಪುಟ ತೆರೆದು ಮೊಬೈಲಿಗೆ ಒಟಿಪಿ ಕಳಿಸುತ್ತದೆ. ಅದನ್ನು ಹಂಚಿದರೂ ಪ್ರತಿಯೊಬ್ಬರೂ ತಮ್ಮ ಒಟಿಪಿ ಹಾಕಲೇಬೇಕು.

## ಕೊಟ್ಟದ್ದನ್ನು ವಾಪಸ್ ಪಡೆಯುವುದು

ಒಮ್ಮೆ ದಾಟಿದ ಪಾಸ್‌ವರ್ಡನ್ನು ನಿಮ್ಮ ಫೋನಿನಿಂದ ಹಿಂದಕ್ಕೆ ಕರೆಯಲಾಗದು. ಪಡೆದವರು ಇದೇ ದಾರಿಯಲ್ಲಿ ಮತ್ತೊಬ್ಬರಿಗೂ ಕೊಡಬಹುದು. ಅವರ ಫೋನಿನಲ್ಲೂ `Share` ಗುಂಡಿ ಇದ್ದು, ತಮ್ಮದೇ ಬೆರಳಚ್ಚು ಹಾಕಿ ಪಾಸ್‌ವರ್ಡನ್ನು ಓದಿಕೊಳ್ಳಬಹುದು. "ಪಾಸ್‌ವರ್ಡ್ ತೋರಿಸದೆ ವೈಫೈ ಕೊಡುತ್ತೇನೆ" ಎಂದುಕೊಂಡು ಈ ದಾರಿ ಹಿಡಿಯುವವರುಂಟು. ಅದು ತಪ್ಪು ತಿಳಿವಳಿಕೆ. ಟೈಪ್ ಮಾಡುವ ಕಷ್ಟ ತಪ್ಪುತ್ತದೆ, ಅಷ್ಟೇ. ಕೊಟ್ಟದ್ದು ಪೂರ್ತಿ ಬೀಗದ ಕೈಯನ್ನೇ.

ವಾಪಸ್ ಪಡೆಯುವ ದಾರಿ ಒಂದೇ: ರೂಟರ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸುವುದು. ಆಗ ಮನೆಯ ಟಿವಿ, ಲ್ಯಾಪ್‌ಟಾಪ್, ಎಲ್ಲರ ಫೋನು, ಎಲ್ಲವೂ ಕಳಚಿಕೊಳ್ಳುತ್ತವೆ, ಒಂದೊಂದಾಗಿ ಮತ್ತೆ ಸೇರಿಸಬೇಕು. ದೊಡ್ಡಮ್ಮನಂಥವರಿಗೆ ಕೊಟ್ಟದ್ದನ್ನು ವಾಪಸ್ ಕೇಳುವ ಪ್ರಶ್ನೆಯೇ ಇಲ್ಲ. ಆದರೆ ಮನೆಗೆ ಎಸಿ ರಿಪೇರಿಗೆ ಬಂದವರು, ಎರಡು ತಿಂಗಳಿಗೆ ಮೇಲಿನ ಕೋಣೆ ಬಾಡಿಗೆಗೆ ಹಿಡಿದವರು ಕೇಳಿದಾಗ ಏನು ಮಾಡುವುದು?

ಅದಕ್ಕೆ ಅತಿಥಿಗಳ ಜಾಲ ಮಾಡಿಡಿ. ಈಚಿನ ಹೆಚ್ಚಿನ ರೂಟರ್‌ಗಳಲ್ಲಿ `Guest network` ಎಂಬ ಆಯ್ಕೆ ಇರುತ್ತದೆ. ರೂಟರಿನ ಪುಟ ತೆರೆಯಲು ಅದರ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ. ಸಾಮಾನ್ಯವಾಗಿ `192.168.1.1` ಅಥವಾ `192.168.0.1` ಇರುತ್ತದೆ. ಚೀಟಿ ಹರಿದುಹೋಗಿದ್ದರೆ ನಿಮ್ಮ ಫೋನಿನಲ್ಲಿ ಅದೇ ಹಲ್ಲುಚಕ್ರದ ಪುಟದಲ್ಲಿ ಕೆಳಗೆ `Gateway` ಎಂದು ಬರೆದಿರುವುದೇ ಆ ವಿಳಾಸ. ಬ್ರೌಸರ್‌ನಲ್ಲಿ ಅದನ್ನು ಹಾಕಿ ಒಳಗೆ ಹೋಗಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟು ಅತಿಥಿ ಜಾಲ ಶುರುಮಾಡಿ. ನಿಮ್ಮ ಫೋನನ್ನು ಒಮ್ಮೆ ಅದಕ್ಕೆ ಸೇರಿಸಿ ಬಿಟ್ಟರೆ ಅದು `Saved networks` ಪಟ್ಟಿಯಲ್ಲಿ ಉಳಿಯುತ್ತದೆ. ಆಮೇಲೆ ನೀವು ನಿಮ್ಮ ಸ್ವಂತ ಜಾಲದಲ್ಲೇ ಇದ್ದುಕೊಂಡು ಅತಿಥಿಯದನ್ನು ಅಲ್ಲಿಂದ ದಾಟಿಸಬಹುದು.

ನಮ್ಮಲ್ಲಿ ಈಗ ಅದರ ಹೆಸರು `Bejai_Nentaru`. ಅದನ್ನೂ 2.4ರಲ್ಲೇ ಇಟ್ಟಿದ್ದೇನೆ, ಯಾವ ಹಳೆಯ ಫೋನು ಬಂದರೂ ಕಾಣುವ ಹಾಗೆ. ದೊಡ್ಡಮ್ಮನ ಫೋನಿನಲ್ಲಿ ಮಾತ್ರ ಮನೆಯವರದೇ ಉಂಟು. ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಅವರು ಮತ್ತೆ ಬಂದದ್ದು ದೀಪಾವಳಿಗೆ. ಅಷ್ಟರಲ್ಲಿ ಎರಡು ಕಣ್ಣೂ ಚೆನ್ನಾಗಿ ಕಾಣುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಮೇಲಿನ ಪರದೆ ಎಳೆದು ಬ್ಲೂಟೂತ್, ಲೊಕೇಶನ್ ಹಾಕಿ, ಕ್ವಿಕ್ ಶೇರ್‌ನಲ್ಲಿ `Everyone` ಆರಿಸಿ, ಫೋನನ್ನು ನನ್ನ ಫೋನಿನ ಪಕ್ಕ ಇಟ್ಟು ಹೇಳಿದರು: "ಹ್ಞಾ, ಕಳಿಸು ಈಗ."